ಚೀಲದ ಮುಂದೆ ನಲವತ್ತು ಕ್ವಿಂಟಲ್, ಹಿಂದೆ ಲಾಟ್ ನಂಬರ್

ಮಳೆ ಹದ ಕೊಟ್ಟ ಮರುದಿನ ದಾವಣಗೆರೆ, ಹಾವೇರಿ ಕಡೆಯ ಬೀಜದಂಗಡಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಅಣ್ಣಾ, ಈ ಸಾರಿ ಯಾವ್ದು ಓಡ್ತಾ ಐತಿ?" ಅಂಗಡಿಯವರು ಹೆಚ್ಚು ಖರ್ಚಾಗುತ್ತಿರುವ ಪಾಕೆಟ್ ತೆಗೆದು ಮುಂದಿಡುತ್ತಾರೆ. ಕೇಳಿದ್ದಕ್ಕೆ ಅದು ಸರಿಯಾದ ಉತ್ತರವೇ. ಆದರೆ ಅಂಗಡಿಯಲ್ಲಿ ಓಡಿದ್ದೆಲ್ಲ ಹೊಲದಲ್ಲೂ ಓಡಬೇಕೆಂದಿಲ್ಲ. ಮೆಕ್ಕೆಜೋಳದ ಬೀಜ ಕೊಳ್ಳುವವರು ಪಾಕೆಟ್ ಮುಟ್ಟುವ ಮೊದಲೇ ತಮ್ಮ ಹೊಲಕ್ಕೆ ಎಷ್ಟು ದಿನದ ತಳಿ ಬೇಕು ಎಂದು ತೀರ್ಮಾನಿಸಿರಬೇಕು. ಇಳುವರಿಯ ಮಾತು ಆಮೇಲಿನದು.

ದಿನದ ಲೆಕ್ಕ ಶುರುವಾಗುವುದು ಬಿತ್ತನೆಯ ತಾರೀಖಿನಿಂದ. ದಾವಣಗೆರೆ ಕಡೆಯ ಎರಡು ಎಕರೆ ಮಳೆಯಾಶ್ರಿತ ಕೆಂಪು ಹೊಲ ಎಂದುಕೊಳ್ಳೋಣ. ಮೃಗಶಿರ ಕೈಕೊಟ್ಟು, ಆರಿದ್ರದ ಕೊನೆಗೆ, ಜುಲೈ 5ಕ್ಕೆ ಬಿತ್ತನೆಯಾಯಿತು. ರೈತನ ಕೈಯಲ್ಲಿ ಎರಡು ಆಯ್ಕೆಗಳಿವೆ: 95 ದಿನದ ಹೈಬ್ರಿಡ್, 115 ದಿನದ ಹೈಬ್ರಿಡ್. ಮೊದಲನೆಯದು ಅಕ್ಟೋಬರ್ 8ರ ಸುಮಾರಿಗೆ ಬಲಿಯುತ್ತದೆ, ಎರಡನೆಯದು ಅಕ್ಟೋಬರ್ 28ಕ್ಕೆ. ಆದರೆ ಕೊಯ್ಲಿನ ತಾರೀಖಿಗಿಂತ ಮುಖ್ಯವಾದದ್ದು ಸೂಲಂಗಿ ಒಡೆಯುವ ತಾರೀಖು. ಗಂಡು ಹೂ ಬಿಚ್ಚಿ, ತೆನೆಯಿಂದ ರೇಷ್ಮೆಯಂಥ ಎಳೆ ಹೊರಬರುವ ಹೊತ್ತಿನ ಹಿಂದೆ ಮುಂದೆ ಎರಡೆರಡು ವಾರ ಮೆಕ್ಕೆಜೋಳ ನೀರಿನ ಕೊರತೆಯನ್ನು ತಡೆಯುವುದಿಲ್ಲ. ಆಗ ಭೂಮಿ ಒಣಗಿದರೆ ಎಳೆಗಳು ತಡವಾಗಿ ಹೊರಬರುತ್ತವೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ, ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ಮಳೆ ಸುರಿದರೂ ಬರಿದಾದ ತೆನೆ ತುಂಬುವುದಿಲ್ಲ.

95 ದಿನದ ತಳಿ ಸುಮಾರು 50 ದಿನಕ್ಕೆ ಸೂಲಂಗಿ ಹಾಕಿದರೆ ಅದು ಆಗಸ್ಟ್ 24ರ ಹೊತ್ತು, ಅಂದರೆ ಮಖೆ ಮಳೆ. 115 ದಿನದ ತಳಿ 60 ದಿನ ತೆಗೆದುಕೊಂಡರೆ ಸೆಪ್ಟೆಂಬರ್ 3, ಹುಬ್ಬೆ. ನಿಮ್ಮ ಊರಲ್ಲಿ ಯಾವ ಮಳೆ ನಂಬಿಕಸ್ಥ, ಯಾವುದು ಕೈಕೊಡುತ್ತದೆ ಎಂಬುದನ್ನು ಪಾಕೆಟ್ ಹೇಳುವುದಿಲ್ಲ, ಊರಿನ ಹಿರಿಯರು ಹೇಳುತ್ತಾರೆ. ನಮ್ಮ ಒಳನಾಡಿನ ಬಹುಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು. ಹಾಗಾಗಿ ತಡವಾಗಿ ಬಿತ್ತಿದರೆ ಕಣ್ಣುಮುಚ್ಚಿ ಅಲ್ಪಾವಧಿ ತಳಿ ಹಾಕು ಎನ್ನುವ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಕ್ಟೋಬರ್ 8ಕ್ಕೆ ಬಲಿತ ತೆನೆ ಹಸ್ತ, ಚಿತ್ತೆಯ ಮಳೆಗೆ ಸಿಕ್ಕಿದರೆ ದಂಟಿನ ಮೇಲೆಯೇ ಬೂಸ್ಟು ಹಿಡಿಯುತ್ತದೆ, ಕಾಳು ಮೊಳಕೆಯೊಡೆಯುವುದೂ ಉಂಟು. ಆಗ ಕಣದಲ್ಲಿ ತಾಡಪಾಲು ಮುಚ್ಚುವುದು, ತೆಗೆಯುವುದು, ಇಷ್ಟೇ ಕೆಲಸ. ಇನ್ನೊಂದು ಕಡೆ, ಹೊಲದ ಮಣ್ಣು ತೆಳುವಾಗಿದ್ದರೆ 115 ದಿನದ ಬೆಳೆ ಕಾಳು ತುಂಬುವ ಕೊನೆಯ ಮೂರು ವಾರ ತೇವವಿಲ್ಲದೆ ಸೊರಗುತ್ತದೆ.

ಒಂದು ಅಡಿ ಅಗೆದರೆ ಗರಸು ಸಿಗುವ ಕೆಂಪು ನೆಲವಾದರೆ ನಾನು 95-100 ದಿನದ್ದನ್ನೇ ಆರಿಸಿ, ಕೊಯ್ಲಿನ ತೊಂದರೆಯನ್ನು ಎದುರಿಸುತ್ತೇನೆ. ತೇವ ಹಿಡಿದಿಡುವ ಆಳವಾದ ಮಣ್ಣಾದರೆ 115 ದಿನದ್ದು. ಎರೆಹೊಲದಲ್ಲಿ ಮೆಕ್ಕೆಜೋಳ ತೆಗೆದು ಕಡಲೆ ಬಿತ್ತುವವರ ಲೆಕ್ಕ ಬೇರೆ. ಅವರಿಗೆ ಅಕ್ಟೋಬರ್ ಮೊದಲಲ್ಲೇ ಹೊಲ ಖಾಲಿಯಾಗಬೇಕು, ದೀರ್ಘಾವಧಿ ತಳಿಯ ಮೂರು ಕ್ವಿಂಟಲ್ ಹೆಚ್ಚುವರಿಯ ಆಸೆಗೆ ಕಡಲೆಯನ್ನೇ ಕಳೆದುಕೊಳ್ಳಬಾರದು. ಪಾಕೆಟ್ ಮೇಲಿನ ದಿನಗಳು ಮುಂಗಾರಿನ ಸೆಖೆಗೆ ಹೇಳಿದವು ಎಂಬುದನ್ನೂ ಮರೆಯಬಾರದು. ಅದೇ ತಳಿಯನ್ನು ಹಿಂಗಾರಿನ ಚಳಿಯಲ್ಲಿ ಹಾಕಿದರೆ ಹತ್ತು ಹದಿನೈದು ದಿನ ಮುಂದಕ್ಕೆ ಹೋಗುತ್ತದೆ.

ಈಗ ಇಳುವರಿ. ಪಾಕೆಟ್ ಮೇಲೆ ಚಿನ್ನದ ಬಣ್ಣದ ತೆನೆ, ಪಕ್ಕದಲ್ಲಿ ಎಕರೆಗೆ 40 ಕ್ವಿಂಟಲ್. ಈ ಅಂಕಿ ಪೂರ್ತಿ ಸುಳ್ಳು ಎನ್ನಲಾಗದು. ನೀರು, ಗೊಬ್ಬರ, ಆರೈಕೆ ಎಲ್ಲ ಸರಿಯಿರುವ ಕಡೆ ಅಷ್ಟು ಬಂದಿರಬಹುದು. ನಿಮ್ಮ ಹೊಲದಲ್ಲಿ ಬರುತ್ತದೆಯೇ ಎಂದು ನೋಡಲು ಸಣ್ಣ ಗುಣಾಕಾರ ಸಾಕು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಬಿಟ್ಟರೆ ಎಕರೆಗೆ ಸುಮಾರು 22,400 ಗಿಡ. ಮೊಳೆಯದ್ದು, ಹುಳ ತಿಂದದ್ದು, ಹಂದಿ ತುಳಿದದ್ದು ಬಿಟ್ಟು 20,000 ತೆನೆ ಕೈಗೆ ಸಿಗುತ್ತವೆ ಎನ್ನೋಣ. 40 ಕ್ವಿಂಟಲ್ ಬರಬೇಕಾದರೆ ಪ್ರತಿ ತೆನೆಯಲ್ಲೂ 200 ಗ್ರಾಂ ಕಾಳಿರಬೇಕು.

ತೆನೆಯಲ್ಲಿ ನಿಜಕ್ಕೂ ಎಷ್ಟಿರುತ್ತದೆ? ಕಂಪನಿಯವರ ಕ್ಷೇತ್ರೋತ್ಸವಕ್ಕೆ ಹೋದಾಗ ರಸ್ತೆ ಬದಿಯ ತೆನೆಯನ್ನು ಬಿಟ್ಟು, ಹೊಲದ ನಡುವೆ ನಡೆದು ಕೈಗೆ ಸಿಕ್ಕ ಐದಾರು ತೆನೆ ಸುಲಿದು ನೋಡಿ. ಸುತ್ತಲೂ ಕಾಳಿನ ಸಾಲು ಎಣಿಸಿ, ಆ ಸಂಖ್ಯೆ ಯಾವಾಗಲೂ ಸಮಸಂಖ್ಯೆಯೇ: 12, 14, 16. ಒಂದು ಸಾಲಿನ ಉದ್ದಕ್ಕೆ ಎಷ್ಟು ಕಾಳಿವೆ ಎಣಿಸಿ. 14 ಸಾಲು, ಸಾಲಿಗೆ 30 ಕಾಳು ಎಂದರೆ 420 ಕಾಳು. ನೂರು ಕಾಳಿನ ತೂಕ 28 ಗ್ರಾಂ ಇದ್ದರೆ ಆ ತೆನೆಯಲ್ಲಿರುವುದು ಸುಮಾರು 118 ಗ್ರಾಂ. 120 ಎಂದೇ ಹಿಡಿದರೂ 20,000 ತೆನೆಗೆ 24 ಕ್ವಿಂಟಲ್. ಸಾಲಿನಲ್ಲಿ 20 ಸೆಂಟಿಮೀಟರಿಗೊಂದು ಗಿಡ ನಿಲ್ಲಿಸಿ 30,000 ತೆನೆ ತೆಗೆದರೆ ತೆನೆಗೆ 133 ಗ್ರಾಂ ಬಂದರೂ 40 ಕ್ವಿಂಟಲ್ ಮುಟ್ಟುತ್ತದೆ ನಿಜ. ನೀರಾವರಿಯಲ್ಲಿ ಅದು ಆಗುವ ಮಾತು. ಮಳೆ ನಂಬಿದ ತೆಳು ಮಣ್ಣಿನಲ್ಲಿ ಅಷ್ಟು ಒತ್ತಾಗಿ ಬೆಳೆದ ಗಿಡಗಳು ಇದ್ದ ತೇವಕ್ಕೆ ಕಿತ್ತಾಡಿ, ಎಷ್ಟೋ ದಂಟು ತೆನೆಯನ್ನೇ ಕಟ್ಟುವುದಿಲ್ಲ.

ಒಕ್ಕಿದ ಕೂಡಲೇ ತೂಗಿ ಹೇಳುವ ಇಳುವರಿಯಲ್ಲಿ ನೀರೂ ಸೇರಿರುತ್ತದೆ. 22 ಪರ್ಸೆಂಟ್ ತೇವಾಂಶದ 24 ಕ್ವಿಂಟಲ್ ಕಾಳು 14 ಪರ್ಸೆಂಟಿಗೆ ಒಣಗಿದಾಗ 22 ಕ್ವಿಂಟಲಿಗೂ ತುಸು ಕಡಿಮೆ. ಆದ್ದರಿಂದ ಪಕ್ಕದೂರಿನವರು ಎಷ್ಟು ಬಂತು ಎಂದು ಹೇಳಿದಾಗ, ಎಷ್ಟು ಒಣಗಿಸಿ ತೂಗಿದ್ದು ಎಂದೂ ಕೇಳಬೇಕು. ತಳಿ ಹೋಲಿಸಲು ನಿಮ್ಮಂಥದೇ ಮಣ್ಣಿನ, ನಿಮ್ಮ ವಾರದಲ್ಲೇ ಬಿತ್ತಿದ ಹೊಲ ಬೇಕು. ಹೊಸ ತಳಿಯಾದರೆ ಮೊದಲ ವರ್ಷ ಒಂದು ಪಾಕೆಟ್ ಮಾತ್ರ ತಂದು, ಗೊತ್ತಿರುವ ತಳಿಯ ಪಕ್ಕದಲ್ಲೇ ಹಾಕುವುದು ಸರಿ. ಸೈನಿಕ ಹುಳು ತಾಗದ ತಳಿ ಎಂದು ಯಾರಾದರೂ ಮಾರಿದರೆ ಅಲ್ಲಿಗೇ ನಿಲ್ಲಿಸಿ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಂಡ ಈ ಫಾಲ್ ಸೈನಿಕ ಹುಳುವಿಗೆ ಬೀಜೋಪಚಾರದ ಔಷಧಿ ಮೊದಲ ಕೆಲವು ವಾರ ಕಾವಲಿರುತ್ತದೆ, ಅಷ್ಟೇ.

ಇನ್ನು ಪಾಕೆಟಿನ ಹಿಂಬದಿ. ತೆಳು ನೀಲಿ ಟ್ಯಾಗ್ ಇದ್ದರೆ ಅದು ಪ್ರಮಾಣಿತ ಬೀಜ. ಬೀಜ ಬೆಳೆದ ಹೊಲವನ್ನು ಪ್ರಮಾಣನ ಸಂಸ್ಥೆಯವರು ನೋಡಿ, ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಟ್ಟ ಚೀಟಿ ಅದು. ಹಸಿರು ಲೇಬಲ್ ಇದ್ದರೆ ಬೀಜ ತಯಾರಿಸಿದವರೇ ತಮ್ಮ ಹೊಣೆಯಲ್ಲಿ ಬರೆದುಕೊಂಡ ವಿವರ. ಮೆಕ್ಕೆಜೋಳದ ಖಾಸಗಿ ಹೈಬ್ರಿಡ್‌ಗಳು ಬಹುತೇಕ ಹಸಿರಿನಲ್ಲೇ ಬರುತ್ತವೆ. ಬೀಜ ಪ್ರಮಾಣನ ನಮ್ಮಲ್ಲಿ ಕಡ್ಡಾಯವಲ್ಲ, ಅದಕ್ಕೆ ಹಸಿರು ಕಂಡ ಕೂಡಲೇ ಕಳಪೆ ಎನ್ನಬೇಕಾಗಿಲ್ಲ. ಬಿಳಿ ಟ್ಯಾಗು ಮೂಲ ಬೀಜದ್ದು, ಬಂಗಾರದ ಹಳದಿ ತಳಿವರ್ಧಕ ಬೀಜದ್ದು. ಅವು ಬೀಜೋತ್ಪಾದಕರಿಗೆ ಹೋಗುವಂಥವು.

ನೀಲಿಯಾಗಲಿ ಹಸಿರಾಗಲಿ, ಇಳುವರಿಗೆ ಜಾಮೀನು ಕೊಡುವುದಿಲ್ಲ. ಅದು ಹೇಳುವುದು ಇಷ್ಟೇ: ಮೆಕ್ಕೆಜೋಳದ ಹೈಬ್ರಿಡ್ ಆದರೆ ನೂರಕ್ಕೆ 90 ಮೊಳೆಯಬೇಕು, ಮತ್ತು ನೂರರಲ್ಲಿ 95 ಗಿಡ ಅದೇ ಹೈಬ್ರಿಡ್ ಆಗಿರಬೇಕು. ಈ ಎರಡನೆಯದು ಕೆಡುವ ಬಗೆ ತಿಳಿದುಕೊಳ್ಳಬೇಕಾದ್ದು. ಬೀಜದ ಪ್ಲಾಟಿನಲ್ಲಿ ಹೆಣ್ಣು ಸಾಲಿನ ಗಿಡಗಳ ಸೂಲಂಗಿಯನ್ನು ಪರಾಗ ಉದುರುವ ಮೊದಲು ಕೈಯಿಂದ ಕಿತ್ತು, ಪಕ್ಕದ ಗಂಡು ಸಾಲಿನ ಪರಾಗ ಮಾತ್ರ ಬೀಳುವಂತೆ ಮಾಡುತ್ತಾರೆ. ಕೂಲಿಯವರ ಕಣ್ತಪ್ಪಿ ಉಳಿದ ಸೂಲಂಗಿಯಿಂದ ಹೆಣ್ಣು ಸಾಲು ತನ್ನದೇ ಪರಾಗ ಪಡೆದರೆ ಆ ಕಾಳು ಹೈಬ್ರಿಡ್ ಅಲ್ಲ. ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮ ಹೊಲದಲ್ಲಿ ಅದು ಎದೆಮಟ್ಟಕ್ಕೇ ನಿಂತು ಕಡ್ಡಿಯಂಥ ದಂಟು, ಗೇಣಿಗಿಂತ ಚಿಕ್ಕ ತೆನೆ ಬಿಡುತ್ತದೆ. ಸೂಲಂಗಿ ಬಂದಾಗ ಬೇರೆ ಬೇರೆ ಕಡೆ ನೂರು ನೂರು ಗಿಡ ಎಣಿಸಿ. ಕುಳ್ಳ ಗಿಡಗಳು ಒಂದೇ ಪಟ್ಟೆಯಲ್ಲಿದ್ದರೆ ಮಣ್ಣಿನ ದೋಷ. ಹೊಲದ ತುಂಬ ಅಲ್ಲೊಂದು ಇಲ್ಲೊಂದು ಚೆದುರಿ, ನೂರಕ್ಕೆ ಹದಿನೈದು ಇಪ್ಪತ್ತು ಕಂಡರೆ ಬೀಜದ ದೋಷ.

ದೂರು ಕೊಡುವುದಾದರೆ ಬೆಳೆ ನಿಂತಿರುವಾಗಲೇ ಕೃಷಿ ಇಲಾಖೆಗೆ ಬರಹದಲ್ಲಿ ಕೊಡಬೇಕು, ಕೊಯ್ದ ಮೇಲೆ ತೋರಿಸಲು ಏನೂ ಇರುವುದಿಲ್ಲ. ಅದಕ್ಕೆ ಬಿಲ್ ಬೇಕು, ಬಿಲ್ಲಿನಲ್ಲಿ ಪಾಕೆಟ್ ಮೇಲಿರುವ ಲಾಟ್ ನಂಬರೇ ಇರಬೇಕು. ಬಿತ್ತನೆಯ ಗಡಿಬಿಡಿಯಲ್ಲಿ "ಬಿಲ್ ಆಮೇಲೆ ಕೊಡ್ತೀನಿ, ಗೌಡ್ರೇ" ಎನ್ನುವ ಅಂಗಡಿಯಿಂದ ಬೀಜ ತರದಿರುವುದೇ ಮೇಲು. ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಅಲ್ಲೇ ಓದಿ. ಒಂದರ ಮೇಲೊಂದು ಚೀಟಿ ಅಂಟಿಸಿದ್ದರೆ, ಹೊಲಿಗೆ ಬಿಚ್ಚಿ ಮತ್ತೆ ಹೊಲಿದಂತಿದ್ದರೆ ವಾಪಸ್ ಇಡಿ. ಪಾಕೆಟನ್ನು ಟ್ಯಾಗ್ ಇರುವ ಕಡೆ ಹರಿಯದೆ ಕೆಳಬದಿಯಿಂದ ಬಿಚ್ಚಿ, ಒಂದು ಹಿಡಿ ಬೀಜ ಅದರಲ್ಲೇ ಉಳಿಸಿ ತೆಗೆದಿಡಿ. ಬಿತ್ತುವ ವಾರ ಮೊದಲೇ ಬೀಜ ಬಂದಿದ್ದರೆ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಏಳನೆಯ ದಿನ ಬಿಚ್ಚಿ ನೋಡಿ. ಬೇರು, ಮೊಳಕೆ ಎರಡೂ ಗಟ್ಟಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಔಷಧಿ ಲೇಪಿಸಿದ ಕಾಳು ಕೋಳಿ, ಮಕ್ಕಳ ಕೈಗೆ ಸಿಗಬಾರದು.

ರಾಗಿಗೂ ಇದೇ ನಿಯಮವೇ ಎಂದು ಕೇಳುವವರುಂಟು. ದಿನದ ಲೆಕ್ಕ ಅದೇ: ಜೂನಿನಲ್ಲೇ ಹದ ಸಿಕ್ಕರೆ ಎಂಆರ್-6ರಂಥ ದೀರ್ಘಾವಧಿ ತಳಿ, ಜುಲೈಗೆ ಜಿಪಿಯು-28 ಅಥವಾ ಎಂಎಲ್-365, ಆಗಸ್ಟಿಗೆ ಜಾರಿದರೆ ನೂರು ದಿನದೊಳಗೆ ಕೈಗೆ ಬರುವ ಜಿಪಿಯು-48ರಂಥದು. ಆದರೆ ಅಂಗಡಿಯಲ್ಲಿ ಹೈಬ್ರಿಡ್ ರಾಗಿ ಎಂದು ದುಬಾರಿ ಪಾಕೆಟ್ ಕೊಟ್ಟರೆ ಅನುಮಾನಿಸಬೇಕು. ರಾಗಿಯ ಹೂ ತೀರಾ ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಮೆಕ್ಕೆಜೋಳದಂತೆ ಸೂಲಂಗಿ ಕಿತ್ತು ಎಕರೆಗಟ್ಟಲೆ ಹೈಬ್ರಿಡ್ ಬೀಜ ಮಾಡಲಾಗದು. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಲ್ಲಿನ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತಂದ ಇಂಡಾಫ್ ತಳಿಗಳು ಕೂಡ ಸಂಕರದ ನಂತರ ಹಲವು ತಲೆಮಾರು ಆರಿಸಿ ನಿಲ್ಲಿಸಿದ ಸ್ಥಿರ ತಳಿಗಳೇ. ಮೆಕ್ಕೆಜೋಳದ ಹೈಬ್ರಿಡ್ಡಿನ ಕಾಳನ್ನು ಮರುವರ್ಷ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಬೆಳೆದು ಇಳುವರಿ ಕುಸಿಯುತ್ತದೆ. ರಾಗಿಯಲ್ಲಿ ಹಾಗಿಲ್ಲ. ನೀಲಿ ಟ್ಯಾಗಿನ ಒಂದು ಚೀಲವನ್ನು ಒಮ್ಮೆ ತಂದು, ಬೆಂಕಿರೋಗ ತಗುಲದ ಒಳ್ಳೆಯ ತೆನೆಗಳನ್ನು ಬೇರೆಯಾಗಿ ಕೊಯ್ದು, ಒಣಗಿಸಿ ಇಟ್ಟುಕೊಂಡರೆ ಮೂರು ವರ್ಷ ಬೀಜದಂಗಡಿಯ ಕಡೆ ಹೋಗಬೇಕಾಗಿಲ್ಲ.