ನೃತ್ಯ ಪ್ರದರ್ಶನದ ಪ್ರಕಟಣೆ: ಪೋಸ್ಟರಿನ ಕೆಳಗಿನ ಸಾಲುಗಳು

ಭರತನಾಟ್ಯ ಶಾಲೆಯೊಂದು ವಾರ್ಷಿಕೋತ್ಸವವನ್ನೋ ಶಿಷ್ಯೆಯೊಬ್ಬಳ ರಂಗಪ್ರವೇಶವನ್ನೋ ಏರ್ಪಡಿಸಿದಾಗ ಅದರ ಸುದ್ದಿ ಇಂದು ಹೆಚ್ಚಾಗಿ ವಾಟ್ಸ್ಆ್ಯಪ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಮೂಲಕವೇ ಹರಡುತ್ತದೆ. ನರ್ತಕಿಯ ಚಿತ್ರವಿರುವ ಪೋಸ್ಟರು ಕಣ್ಣು ಸೆಳೆಯುತ್ತದೆ. ಅದರ ಕೆಳಗಿನ ಬರಹ, ಅಂದರೆ ಕ್ಯಾಪ್ಷನ್, ಓದುಗನನ್ನು ಸಭಾಂಗಣದ ಬಾಗಿಲವರೆಗೆ ಕರೆತರುತ್ತದೆ. ಯಾರು ಕುಣಿಯುತ್ತಾರೆ, ಎಲ್ಲಿ ಕೂರಬೇಕು, ದುಡ್ಡು ಕೊಡಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಖಚಿತ ಉತ್ತರ ಇರಬೇಕು. ಈ ಉತ್ತರಗಳು ಮಸುಕಾಗಿದ್ದರೆ ಭಾಷೆಯ ಕೊರತೆ ಅದಕ್ಕೆ ಕಾರಣವಾಗಿರುವುದು ಅಪರೂಪ. ಬರೆಯಲು ಕೂತ ಹೊತ್ತಿಗೆ ಸಂಘಟಕರೇ ಇನ್ನೂ ತೀರ್ಮಾನಕ್ಕೆ ಬಂದಿರುವುದಿಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ನಿನ ಮೊದಲ ಒಂದೆರಡು ಸಾಲು ಮಾತ್ರ ತಾನಾಗಿ ಕಾಣುತ್ತದೆ. ಉಳಿದದ್ದನ್ನು ನೋಡಲು ಒತ್ತಬೇಕು. ಆದ್ದರಿಂದ ಪ್ರಾರ್ಥನಾ ಶ್ಲೋಕ, ಸಂಸ್ಥೆಯ ಪರಿಚಯ, ‘ಹರ್ಷದಿಂದ ತಿಳಿಸುತ್ತೇವೆ’ ಎಂಬ ಪೀಠಿಕೆಗಳಿಗೆ ಅಲ್ಲಿ ಜಾಗವಿಲ್ಲ. ಕಾರ್ಯಕ್ರಮದ ಬಗೆ, ದಿನ, ಹೊತ್ತು, ಸ್ಥಳ ಈ ನಾಲ್ಕೂ ಆ ಸಾಲುಗಳಲ್ಲೇ ಬರಬೇಕು. ದೀಪ ಬೆಳಗುವ ಸಮಯ ಒಂದು, ನೃತ್ಯ ಆರಂಭವಾಗುವ ಸಮಯ ಇನ್ನೊಂದು ಆಗಿದ್ದರೆ ಎರಡನ್ನೂ ಹೇಳುವುದು ಒಳ್ಳೆಯದು. ಸ್ಥಳದ ವಿಷಯದಲ್ಲಿ ರಸ್ತೆಯ ಹೆಸರೊಂದೇ ಸಾಲದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, ಅದರ ಹಿಂದೆ ಸಂಸ ಬಯಲು ರಂಗಮಂದಿರವಿದೆ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣವಿದೆ, ರಸ್ತೆಯ ಎದುರು ಬದಿಗೆ ಎ.ಡಿ.ಎ. ರಂಗಮಂದಿರವಿದೆ. ‘ಕಲಾಕ್ಷೇತ್ರದ ಬಳಿ’ ಎಂದಷ್ಟೇ ಬರೆದರೆ ಪ್ರೇಕ್ಷಕ ಬೇರೊಂದು ಕಾರ್ಯಕ್ರಮದ ನಡುವೆ ಹೋಗಿ ಕೂರಬಹುದು.

ನಂತರ ಬರುವುದು ಕಲಾವಿದರ ಸಾಲು. ರಂಗಪ್ರವೇಶದಲ್ಲಿ ಇದು ಸರಳ: ನರ್ತಕಿಯ ಹೆಸರು, ಗುರುವಿನ ಹೆಸರು, ಆಮೇಲೆ ಹಿಮ್ಮೇಳದವರು. ಹಿಮ್ಮೇಳವನ್ನು ನಟುವಾಂಗ, ಗಾಯನ, ಮೃದಂಗ, ಕೊಳಲು, ಪಿಟೀಲು ಅಥವಾ ವೀಣೆ ಎಂದು ಒಬ್ಬೊಬ್ಬರ ಕೆಲಸದ ಜೊತೆಗೇ ಹೆಸರಿಸುವುದು ರೂಢಿ. ರಸಿಕರಲ್ಲಿ ಹಲವರು ಹಾಡುವವರ, ಮೃದಂಗ ನುಡಿಸುವವರ ಹೆಸರು ನೋಡಿಯೇ ಬರುತ್ತಾರೆ. ಹೆಸರಿನ ಹಿಂದೆ ವಿದ್ವಾನ್, ವಿದುಷಿ ಎಂದು ಸೇರಿಸುವ ಮುನ್ನ ಅವರನ್ನೇ ಕೇಳಿಕೊಳ್ಳಬೇಕು. ಒಬ್ಬರಿಗೆ ಹಾಕಿ ಮತ್ತೊಬ್ಬರಿಗೆ ಬಿಟ್ಟರೆ ಮನಸ್ತಾಪಕ್ಕೆ ಅಷ್ಟೇ ಸಾಕು. ಹಿಮ್ಮೇಳವಿಲ್ಲದೆ ಧ್ವನಿಮುದ್ರಿತ ಸಂಗೀತಕ್ಕೆ ಕುಣಿಯುವುದಾದರೆ ಅದನ್ನೂ ತಿಳಿಸಬೇಕು. ಟಿಕೆಟ್ ಇರುವ ಕಾರ್ಯಕ್ರಮದಲ್ಲಂತೂ ಹಣ ಕೊಡುವವನಿಗೆ ಇದು ತಿಳಿದಿರಲೇಬೇಕು.

ವಾರ್ಷಿಕೋತ್ಸವದಲ್ಲಿ ಅರವತ್ತು ಮಕ್ಕಳಿದ್ದರೆ ಅರವತ್ತು ಹೆಸರುಗಳನ್ನು ಕ್ಯಾಪ್ಷನ್ನಿನಲ್ಲಿ ತುಂಬಿದರೆ ಯಾರೂ ಓದುವುದಿಲ್ಲ, ಒಂದು ಹೆಸರು ಬಿಟ್ಟುಹೋದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಕಿರಿಯರ ವಿಭಾಗದಿಂದ ಪುಷ್ಪಾಂಜಲಿ ಮತ್ತು ಅಲರಿಪು, ಹಿರಿಯರಿಂದ ಜತಿಸ್ವರ, ವರ್ಣ, ತಿಲ್ಲಾನ ಎಂದು ಗುಂಪುಗಳಾಗಿ ಹೇಳುವುದು ಲೇಸು. ಪೂರ್ಣ ಪಟ್ಟಿ ಸಭಾಂಗಣದಲ್ಲಿ ಹಂಚುವ ಕಾರ್ಯಕ್ರಮ ಪತ್ರಿಕೆಯಲ್ಲಿರಲಿ. ಚಿಕ್ಕ ಮಕ್ಕಳ ಪೂರ್ಣ ಹೆಸರು, ಓದುವ ಶಾಲೆ, ಚಿತ್ರ ಇವು ಮೂರನ್ನೂ ಒಟ್ಟಿಗೆ ಜಾಲತಾಣದಲ್ಲಿ ಹಾಕದಿರುವುದು ಸುರಕ್ಷಿತ. ಚಿತ್ರ ಒಂದನ್ನೇ ಹಾಕುವುದಾದರೂ ತಂದೆತಾಯಿಯರ ಒಪ್ಪಿಗೆ ಪಡೆಯಬೇಕು.

ಆಸನದ ಸಾಲು ಲೆಕ್ಕದಿಂದ ಹುಟ್ಟಬೇಕು. ಒಂದು ಉದಾಹರಣೆ: ಸಭಾಂಗಣದಲ್ಲಿ 350 ಆಸನಗಳಿವೆ, ವೇದಿಕೆ ಏರುವ ಮಕ್ಕಳು 60. ಮನೆಗೆ ಮೂರು ಪಾಸ್ ಕೊಟ್ಟರೆ 180 ಆಸನ ಹೋಯಿತು. ಮುಖ್ಯ ಅತಿಥಿಗಳು, ಆಹ್ವಾನಿತ ಗುರುಗಳಿಗೆ 20. ತಮ್ಮ ನೃತ್ಯ ಮುಗಿಸಿ ಬಂದು ಕೂರುವ ಕಿರಿಯರಿಗೆ 30 ಎಂದು ಇಟ್ಟುಕೊಂಡರೆ ಸಾರ್ವಜನಿಕರಿಗೆ ಉಳಿಯುವುದು 120. ಮನೆಗೆ ನಾಲ್ಕು ಪಾಸ್ ಕೊಟ್ಟರೆ ಅದು 60ಕ್ಕೆ ಇಳಿಯುತ್ತದೆ. ಈ ಸಂಖ್ಯೆ ಕೈಯಲ್ಲಿಲ್ಲದೆ ‘ಎಲ್ಲರಿಗೂ ಆದರದ ಸ್ವಾಗತ’ ಎಂದು ಬರೆದರೆ ಬಾಗಿಲಲ್ಲಿ ನಿಂತ ಸ್ವಯಂಸೇವಕನೇ ಜನರನ್ನು ವಾಪಸು ಕಳಿಸಬೇಕಾಗುತ್ತದೆ. ಯಾವ ಸಾಲುಗಳು ಕಾಯ್ದಿರಿಸಿದವು, ಪಾಸ್ ಇದ್ದವರ ಜಾಗವನ್ನು ಎಷ್ಟು ಹೊತ್ತಿನವರೆಗೆ ಖಾಲಿ ಇಡಲಾಗುತ್ತದೆ, ಬಾಗಿಲು ಯಾವಾಗ ತೆರೆಯುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ತಡವಾಗಿ ಬಂದವರನ್ನು ಎರಡು ನೃತ್ಯಬಂಧಗಳ ನಡುವೆ ಮಾತ್ರ ಒಳಗೆ ಬಿಡುವುದಾದರೆ ಅದೂ ಬರಲಿ. ವರ್ಣ ಅರ್ಧ ಗಂಟೆಗೂ ಮೀರಿ ನಡೆಯಬಹುದು; ಅದರ ಆರಂಭಕ್ಕೆ ತಪ್ಪಿಸಿಕೊಂಡವರು ಅಷ್ಟು ಹೊತ್ತು ಹೊರಗೇ ನಿಲ್ಲಬೇಕಾಗುತ್ತದೆ.

ಪ್ರವೇಶದ ಸಾಲಿನಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ‘ಉಚಿತ ಪ್ರವೇಶ’ ಎಂಬ ಎರಡು ಪದ. ಪಾಸ್ ಬೇಡ, ಮೊದಲು ಬಂದವರಿಗೆ ಆದ್ಯತೆ ಎನ್ನುವುದು ಒಂದು ಬಗೆ. ಹಣವಿಲ್ಲ, ಆದರೆ ಪಾಸ್ ಕಡ್ಡಾಯ ಎನ್ನುವುದು ಇನ್ನೊಂದು. ಹಣವಿಲ್ಲ, ಇಷ್ಟವಿದ್ದವರು ದೇಣಿಗೆ ಕೊಡಬಹುದು ಎನ್ನುವುದು ಮೂರನೆಯದು. ಮೂರರಲ್ಲಿ ಯಾವುದೆಂದು ಬಿಡಿಸಿ ಹೇಳದಿದ್ದರೆ ಓದುಗ ತನಗೆ ಅನುಕೂಲವಾದದ್ದನ್ನು ಊಹಿಸಿಕೊಳ್ಳುತ್ತಾನೆ. ಟಿಕೆಟ್ ಇದ್ದರೆ ದರ ತಲಾ ಎಷ್ಟು, ಎಷ್ಟು ವಯಸ್ಸಿನ ಮಕ್ಕಳಿಗೆ ಟಿಕೆಟ್ ಬೇಡ, ಎಲ್ಲಿ ಸಿಗುತ್ತದೆ, ಬಾಗಿಲಲ್ಲೂ ಸಿಗುತ್ತದೆಯೇ ಎಂಬ ವಿವರ ಬೇಕು. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿನಲ್ಲಿ ಹಾಕಿದ ಟಿಕೆಟ್ ಕೊಂಡಿ ಒತ್ತಿದರೆ ತೆರೆಯುವುದಿಲ್ಲ. ಅದನ್ನು ಖಾತೆಯ ಪರಿಚಯ ಭಾಗದಲ್ಲಿಟ್ಟು ಹಾಗೆಂದು ಬರೆಯಬೇಕು.

ಮೇಲಿನ ಉದಾಹರಣೆಯ ಶಾಲೆಗೆ ಕ್ಯಾಪ್ಷನ್ ಹೀಗಿರಬಹುದು. ಹೆಸರುಗಳ ಜಾಗದಲ್ಲಿ ಇಲ್ಲಿ ಅವುಗಳ ಸೂಚನೆ ಮಾತ್ರ ಇದೆ.

ಭರತನಾಟ್ಯ ವಾರ್ಷಿಕೋತ್ಸವ. ಭಾನುವಾರ, 18 ಜನವರಿ 2026, ಸಂಜೆ 5.30. ಸಭಾಂಗಣದ ಹೆಸರು, ರಸ್ತೆ, ಬಡಾವಣೆ.
ಶಾಲೆಯ 60 ವಿದ್ಯಾರ್ಥಿಗಳಿಂದ ಪುಷ್ಪಾಂಜಲಿ, ಅಲರಿಪು, ಜತಿಸ್ವರ, ವರ್ಣ, ತಿಲ್ಲಾನ.
ನಿರ್ದೇಶನ ಮತ್ತು ನಟುವಾಂಗ: ಗುರುವಿನ ಹೆಸರು. ಗಾಯನ, ಮೃದಂಗ, ಕೊಳಲು: ಕಲಾವಿದರ ಹೆಸರುಗಳು.
ಪ್ರವೇಶ ಉಚಿತ, ಪಾಸ್ ಬೇಡ. ಸಾರ್ವಜನಿಕರಿಗೆ 120 ಆಸನ, ಮೊದಲು ಬಂದವರಿಗೆ ಆದ್ಯತೆ. ಬಾಗಿಲು ತೆರೆಯುವುದು 5ಕ್ಕೆ.
ಮುಂದಿನ ಎರಡು ಸಾಲು ಆಹ್ವಾನಿತರಿಗೆ. ಪೋಷಕರಿಗೆ ಪಾಸ್ ತೋರಿಸಿದರೆ 5.20ರವರೆಗೆ ಆಸನ ಕಾಯ್ದಿರಿಸಲಾಗುವುದು.
ವಿವರಗಳಿಗೆ: ಶಾಲೆಯ ದೂರವಾಣಿ.

ಹಾಕುವ ಮುನ್ನ ಎರಡು ಪರಿಶೀಲನೆ ಆಗಬೇಕು. ಮೊದಲನೆಯದು ತಾರೀಖು ಮತ್ತು ವಾರ ಹೊಂದುತ್ತವೆಯೇ ಎಂಬುದು. ಕಳೆದ ವರ್ಷದ ಬರಹವನ್ನೇ ತಿದ್ದಿ ಬಳಸುವಾಗ ವಾರ ಹಳೆಯದೇ ಉಳಿದುಬಿಡುತ್ತದೆ. ಎರಡನೆಯದು ಅಕ್ಷರ. ಮುದ್ರಣಾಲಯಕ್ಕೆಂದು ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ನಕಲಿಸಿದರೆ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಿ, ಬೇರೊಬ್ಬರ ಫೋನಿಗೆ ಕಳಿಸಿ ನೋಡಬೇಕು. ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕೈಯಿಂದ ಕೈಗೆ ಹೋಗುವಾಗ ಬರಹ ಕಳಚಿಹೋಗುವುದುಂಟು. ಹಾಗಾಗಿ ದಿನ, ಹೊತ್ತು, ಸ್ಥಳ, ಪ್ರವೇಶದ ಬಗೆ ಪೋಸ್ಟರಿನ ಮೇಲೂ ಇರಬೇಕು. ಚಿತ್ರ ಕಾಣದವರಿಗೆ ಫೋನು ಓದಿ ಹೇಳುವುದು ಬರಹವನ್ನೇ ಆದ್ದರಿಂದ ಪೋಸ್ಟರಿನಲ್ಲಿದೆ ಎಂದು ಕ್ಯಾಪ್ಷನ್ನಿನಲ್ಲಿ ಬಿಡುವಂತಿಲ್ಲ.

ಪ್ರಕಟಣೆಯ ಕೆಲಸ ಹಾಕಿದ ದಿನಕ್ಕೆ ಮುಗಿಯುವುದಿಲ್ಲ. ಟಿಕೆಟ್ ಮುಗಿದರೆ, ಹೊತ್ತು ಬದಲಾದರೆ, ಹಿಮ್ಮೇಳದ ಕಲಾವಿದರೊಬ್ಬರು ಬರಲಾಗದಿದ್ದರೆ ಮೂಲ ಕ್ಯಾಪ್ಷನ್ನಿನ ಮೊದಲ ಸಾಲನ್ನೇ ತಿದ್ದಬೇಕು. ವಾಟ್ಸ್ಆ್ಯಪ್‌ನಲ್ಲಿ ಆಗಲೇ ಹರಡಿರುವುದನ್ನು ತಿದ್ದಲು ಬರುವುದಿಲ್ಲವಾದ್ದರಿಂದ ಅಲ್ಲಿಗೆ ಬದಲಾದ ಅಂಶವನ್ನು ಪೋಸ್ಟರಿನ ಮೇಲೆಯೇ ಎದ್ದು ಕಾಣುವಂತೆ ಬರೆದು ಹೊಸದಾಗಿ ಕಳಿಸಬೇಕು.