‘ಈ ವಯಸ್ಸಿನಲ್ಲೂ’ ಎಂದು ಬರೆಯುವ ಮುನ್ನ

ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದವರೊಬ್ಬರು ನಿವೃತ್ತರಾಗುವವರಿದ್ದರು. ಅವರಿಗಾಗಿ ತರುತ್ತಿದ್ದ ಬೀಳ್ಕೊಡುಗೆ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಹೊಸದಾಗಿ ಸೇರಿದ ಹುಡುಗನೊಬ್ಬ ಬರೆದಿದ್ದ ಮೊದಲ ಸಾಲು ಹೀಗಿತ್ತು: ‘ನಮ್ಮ ಕಚೇರಿಯ ಹಳೆಯ ನೌಕರರಾದ ಇವರು ಈ ಇಳಿವಯಸ್ಸಿನಲ್ಲೂ ಯುವಕರನ್ನು ನಾಚಿಸುವಂತೆ ದುಡಿದರು.’ ಪ್ರೀತಿಯಿಂದಲೇ ಬರೆದಿದ್ದ. ಅದನ್ನು ಕಂಡ ಅವರು ಮಾತ್ರ, ‘ನಾನು ಅಷ್ಟೊಂದು ಮುದುಕನಾಗಿಬಿಟ್ಟೆನೇನಪ್ಪಾ?’ ಎಂದು ಕೇಳಿದರು. ಅವರಿಗೆ ಆಗ ಇನ್ನೂ 60 ತುಂಬಿರಲಿಲ್ಲ.

ಮೊದಲಿಗೆ ‘ಹಳೆಯ’ ಎಂಬುದನ್ನು ನೋಡೋಣ. ಕನ್ನಡದಲ್ಲಿ ಇದು ವಸ್ತುವಿಗೆ ಹೊಂದುವ ಮಾತು. ಮನುಷ್ಯರಿಗೆ ಹಚ್ಚಿದರೆ ವಯಸ್ಸನ್ನು ಹೇಳುವುದೇ ಇಲ್ಲ. ಹಳೆಯ ಗೆಳೆಯನಿಗೆ 25 ವರ್ಷವಿರಬಹುದು, ಹಳೆಯ ಮೇಷ್ಟ್ರು ಎಂದರೆ ಹಿಂದೆ ಪಾಠ ಹೇಳಿದವರು. ‘ಹಳೆಯ ನೌಕರರು’ ಎಂದು ಓದಿದವರು ಇವರು ಯಾವಾಗಲೋ ಕೆಲಸ ಬಿಟ್ಟು ಹೋದವರು ಎಂದುಕೊಂಡರೆ ತಪ್ಪಲ್ಲ. ಬಹಳ ಕಾಲದಿಂದ ಇದ್ದವರು ಎನ್ನಲು ಕಚೇರಿಗಳಲ್ಲಿ ‘ಹಳಬರು’ ಎಂಬ ಮಾತಿದೆ. ಅದರಲ್ಲಿ ಕೆಲಸ ಬಲ್ಲವರು ಎಂಬ ಗೌರವವೂ ಸೇರಿಕೊಂಡಿದೆ.

ಹುಡುಗ ಕೂಡಲೇ ‘ಹಿರಿಯ’ ಎಂದು ತಿದ್ದಿ ತಂದ. ಎಲ್ಲರ ಕೈಗೂ ಮೊದಲು ಸಿಗುವ ಪದ ಅದೇ. ಮೂಲದಲ್ಲಿ ಅದಕ್ಕೆ ದೊಡ್ಡದು ಎಂಬ ಅರ್ಥ. ಹಾಗಾಗಿ ಹಿರಿ ಮಗ ಹತ್ತು ವರ್ಷದ ಪೋರನೂ ಆಗಿರಬಹುದು, ಹಿರಿಯ ಅಧಿಕಾರಿಗೆ 32 ಇರಬಹುದು. ಕಚೇರಿಯ ಬರಹದಲ್ಲಿ ‘ಹಿರಿಯ’ ಎಂದರೆ ಓದುಗ ಮೊದಲು ಹುದ್ದೆಯನ್ನೇ ನೆನೆಯುತ್ತಾನೆ. ಮನೆಯ ವಿಚಾರಕ್ಕೆ ಬಂದರೆ ತೊಡಕು ಬೇರೆ. ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವುದು ‘ಹಿರಿಯರಿಗೆ’. ‘ನಮ್ಮ ಹಿರಿಯರನ್ನು ನೆನೆಯುತ್ತಾ’ ಎಂದು ಶುರುಮಾಡಿದರೆ, ಎದುರಿಗೆ ಕುಳಿತು ಕಾಫಿ ಕುಡಿಯುತ್ತಿರುವ ಅಜ್ಜನಿಗೆ ಕಸಿವಿಸಿಯಾದೀತು.

ನೆಂಟರ ಬಗ್ಗೆ ಬರೆಯುವಾಗ ವಯಸ್ಸಿಗೆಂದು ಬೇರೆ ವಿಶೇಷಣವೇ ಬೇಕಾಗುವುದಿಲ್ಲ. ಅಜ್ಜಿ, ತಾತ, ದೊಡ್ಡಪ್ಪ, ಬಡಗಣ ಸೀಮೆಯ ಆಯಿ, ಮುತ್ಯಾ, ಇವೆಲ್ಲ ವಯಸ್ಸು ಮತ್ತು ಮರ್ಯಾದೆಯನ್ನು ಒಟ್ಟಿಗೇ ಹೊತ್ತಿವೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದರೂ ನಾಡಿಗೆ ಅವರು ಸುಕ್ರಜ್ಜಿಯೇ. ‘ವೃದ್ಧ ಗಾಯಕಿ’ ಎಂದಿದ್ದರೆ ಆ ಆಪ್ತತೆ ಎಲ್ಲಿರುತ್ತಿತ್ತು? ‘ವೃದ್ಧ’ ಹುಟ್ಟಿನಿಂದ ಕೆಟ್ಟ ಪದವೇನಲ್ಲ, ಬೆಳವಣಿಗೆ ಎನ್ನುವ ‘ವೃದ್ಧಿ’ಯ ಒಡಹುಟ್ಟು; ‘ಜ್ಞಾನವೃದ್ಧ’ರಲ್ಲಿ ಈಗಲೂ ಘನತೆಯಿಂದಿದೆ. ಆದರೆ ವೃದ್ಧಾಶ್ರಮದ ಜೊತೆಗೆ, ಅಪಘಾತದ ಸುದ್ದಿಯ ಜೊತೆಗೆ ಅದನ್ನು ಓದಿ ಓದಿ ನಮಗೆ ಅಸಹಾಯಕತೆಯೇ ಮೊದಲು ಕಾಣುತ್ತದೆ.

ಸಹೋದ್ಯೋಗಿಗೆ ನೆಂಟಸ್ತಿಕೆಯ ಹೆಸರಿನ ಈ ದಾರಿ ನಡೆಯದು. ಸಂಚಿಕೆಯಲ್ಲಿ ಯಾರನ್ನಾದರೂ ‘ನಮ್ಮ ಕಚೇರಿಯ ತಾತ’ ಎಂದು ಕರೆದರೆ ಅದು ಸಲಿಗೆಯಲ್ಲ, ಅಧಿಕಪ್ರಸಂಗ. ಇನ್ನು ‘60ರ ಹರೆಯ’, ‘ನಿತ್ಯ ತರುಣ’ ಮುಂತಾದ ಹೊಗಳಿಕೆ. ಹರೆಯವೆಂದರೆ ಯೌವನ; ಮುಪ್ಪು ನಾಚಿಕೆಯ ಸಂಗತಿ ಎಂದು ಒಪ್ಪಿಕೊಂಡವರು ಮಾತ್ರ ಅದನ್ನು ಹೀಗೆ ಮುಚ್ಚಿಡುತ್ತಾರೆ.

ನನ್ನ ಮಟ್ಟಿಗೆ ಆ ಸಾಲಿನಲ್ಲಿ ಎಲ್ಲಕ್ಕಿಂತ ಚುಚ್ಚುವುದು ‘ಇಳಿವಯಸ್ಸು’ ಅಲ್ಲ, ಅದರ ಕೊನೆಗೆ ಅಂಟಿಕೊಂಡ ‘ಲೂ’. ‘ಮಳೆಯಲ್ಲೂ ಬಂದರು’ ಎಂದಾಗ ಮಳೆ ಅಡ್ಡಿ ಎಂದಾಯಿತು. ‘ಈ ವಯಸ್ಸಿನಲ್ಲೂ ದುಡಿದರು’ ಎಂದರೆ ವಯಸ್ಸು ಅಡ್ಡಿ, ಅವರಿಂದ ನಾವು ಇಷ್ಟನ್ನು ನಿರೀಕ್ಷಿಸಿರಲಿಲ್ಲ ಎಂದೇ ಅರ್ಥ. ‘ಇಳಿವಯಸ್ಸು’ ತೆಗೆದು ‘ಹಿರಿವಯಸ್ಸು’ ಹಾಕಿ ನೋಡಿ, ‘ಲೂ’ ಇರುವವರೆಗೆ ಚುಚ್ಚು ಹೋಗುವುದಿಲ್ಲ. ಅಪ್ಪನ ಬಗ್ಗೆ ಬರೆಯುವಾಗಲೂ ಅಷ್ಟೇ. ‘80ರಲ್ಲೂ ತೋಟಕ್ಕೆ ಹೋಗುತ್ತಾರೆ’ ಎನ್ನುವುದಕ್ಕಿಂತ ‘ಅಪ್ಪನಿಗೆ 80. ಬೆಳಿಗ್ಗೆ ಆರಕ್ಕೆ ತೋಟದಲ್ಲಿರುತ್ತಾರೆ’ ಎಂದರೆ ಬೆರಗುಪಡುವ ಕೆಲಸ ಓದುಗನಿಗೇ ಉಳಿಯುತ್ತದೆ. ವಯಸ್ಸು ಹೇಳಲೇಬೇಕಾದ ಕಡೆ ಬರೀ ಅಂಕಿ ಯಾರನ್ನೂ ನೋಯಿಸುವುದಿಲ್ಲ. 81ರ ಹತ್ತಿರ ಬಂದವರ ಮನೆಯಲ್ಲಿ ಸಹಸ್ರಚಂದ್ರ ದರ್ಶನ ನಡೆದಿದ್ದರೆ, ‘ಸಾವಿರ ಹುಣ್ಣಿಮೆ ಕಂಡವರು’ ಎನ್ನಲೂ ಬಹುದು. ಲೆಕ್ಕವೂ ಸರಿಹೋಗುತ್ತದೆ.

ಕಡೆಗೆ ಹುಡುಗನೂ ನಾನೂ ಕೂತು ವಯಸ್ಸನ್ನು ಪೂರ್ತಿ ಕೈಬಿಟ್ಟು, ಸೇವೆಯ ಲೆಕ್ಕ ಹಿಡಿದೆವು: ‘ಇವರು ಇಲ್ಲಿ 36 ವರ್ಷ ಇದ್ದರು. ಅಷ್ಟು ಕಾಲವೂ ಇವರ ಕೈ ದಾಟದೆ ನಮ್ಮ ಒಂದು ಸಂಬಳದ ಬಿಲ್ಲೂ ಖಜಾನೆಗೆ ಹೋಗಿಲ್ಲ.’ ಅವರ ಮುಂದಿಟ್ಟೆವು. ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದು ಬದಿಯಲ್ಲಿ ಬರೆದರು: ‘1994ರಲ್ಲಿ ಎರಡು ತಿಂಗಳು ರಜೆಯಲ್ಲಿದ್ದೆ. ಸರಿಪಡಿಸಿ.’