ದಾಸ್ತಾನಿಲ್ಲದ ಟೀ ಶರ್ಟ್ ಅಂಗಡಿ: ಲಾಭ ಸೋರುವುದು ಎಲ್ಲಿ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡ ಬರಹದ ಟೀ ಶರ್ಟ್‌ಗಳ ಜಾಹೀರಾತು ಸಾಲುಗಟ್ಟುತ್ತದೆ. ಅವನ್ನು ಮಾರುವ ಎಷ್ಟೋ ಜನರ ಮನೆಯಲ್ಲಿ ಶರ್ಟಿನ ದಾಸ್ತಾನೇ ಇರುವುದಿಲ್ಲ. ಗಿರಾಕಿ ಆರ್ಡರ್ ಕೊಟ್ಟ ಮೇಲೆ ತಮಿಳುನಾಡಿನ ಕ್ವಿಕಿಂಕ್, ಪ್ರಿಂಟ್‌ರೋವ್‌ನಂಥ ಕಂಪನಿಗಳು ಆ ಒಂದು ಶರ್ಟನ್ನು ಮುದ್ರಿಸಿ, ಮಾರುವವರ ಹೆಸರಿನಲ್ಲೇ ಕೊರಿಯರ್ ಮಾಡುತ್ತವೆ. ಇದೇ ಪ್ರಿಂಟ್ ಆನ್ ಡಿಮ್ಯಾಂಡ್. ಬಂಡವಾಳ ಕಡಿಮೆ ಸಾಕು, ನಿಜ. ಆದರೆ ಒಂದೊಂದೇ ಶರ್ಟ್ ಮುದ್ರಿಸುವುದರಿಂದ ಪ್ರತಿ ಶರ್ಟಿನ ಖರ್ಚು ಜಾಸ್ತಿ. ಹಾಗಾಗಿ ಬೆಲೆಯ ಲೆಕ್ಕ ತಪ್ಪಿದರೆ ವ್ಯಾಪಾರ ಜೋರಾಗಿ ನಡೆಯುತ್ತಿರುವಾಗಲೇ ಕೈಯಿಂದ ದುಡ್ಡು ಹೋಗುತ್ತಿರುತ್ತದೆ.

ಮೊದಲು ವಿನ್ಯಾಸ. ಎದೆಯ ಮೇಲೆ 12 ಇಂಚು ಅಗಲ, 16 ಇಂಚು ಎತ್ತರದ ಮುದ್ರಣಕ್ಕೆ 3600 x 4800 ಪಿಕ್ಸೆಲ್‌ನ, ಹಿನ್ನೆಲೆ ಇಲ್ಲದ ಪಿಎನ್‌ಜಿ ಕಡತ ಬೇಕು. ಕನ್ನಡ ಬರಹಕ್ಕೆ ಇನ್ನೊಂದು ಎಚ್ಚರಿಕೆಯೂ ಇದೆ. ಫೋಟೋಶಾಪ್‌ನ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ‘ಅಚ್ಚ’ ಎಂದು ಟೈಪ್ ಮಾಡಿದ್ದು ‘ಅಚ್‌ಚ’ ಎಂದು ಒಡೆದು ನಿಲ್ಲುತ್ತದೆ. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡು, ಅಕ್ಷರವನ್ನು ಚಿತ್ರವಾಗಿಸಿಯೇ ಕಳುಹಿಸಬೇಕು. ಫಾಂಟ್‌ಗೂ ಲೈಸೆನ್ಸ್ ಇರುತ್ತದೆ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಮುಂತಾದವು ವ್ಯಾಪಾರಕ್ಕೂ ಮುಕ್ತ. ಸಿನಿಮಾ ಪೋಸ್ಟರ್, ನಟರ ಫೋಟೋ, ಕ್ರಿಕೆಟ್ ತಂಡದ ಲೋಗೊ ಮಾತ್ರ ಬೇಡ. ಅವುಗಳ ಹಕ್ಕು ಬೇರೆಯವರದ್ದು, ದೂರು ಬಂದರೆ ಅಂಗಡಿಯೇ ಮುಚ್ಚಬೇಕಾದೀತು.

ಕಪ್ಪು ಬಟ್ಟೆಯ ಮೇಲೆ ಬಣ್ಣ ಎದ್ದು ಕಾಣಲು ಯಂತ್ರ ಅಡಿಯಲ್ಲಿ ಬಿಳಿ ಶಾಯಿಯ ಪದರ ಹಾಕುತ್ತದೆ. ವಿನ್ಯಾಸದಲ್ಲಿ ಮಸುಕಾದ ನೆರಳೋ ಹೊಳಪೋ ಇದ್ದರೆ, ಅಕ್ಷರದ ಸುತ್ತ ಕೊಳೆಯಂಥ ಬಿಳಿ ಅಂಚು ಮೂಡುವುದು ಇದರಿಂದಲೇ. ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಗೆದಾಗ ಮೊದಲು ಕಿತ್ತುಬರುತ್ತವೆ. ಮಾರುವ ಮೊದಲು ಒಂದು ಶರ್ಟ್ ತರಿಸಿ, ಒಳಹೊರಗು ಮಾಡಿ ಐದಾರು ಸಲ ಒಗೆದು ನೋಡಿದರೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. 180 ಜಿಎಸ್‌ಎಂ ಹತ್ತಿ ಬಟ್ಟೆ ನಮ್ಮ ಹವೆಗೆ ಚೆನ್ನ.

ಎಲ್ಲಿ ಮಾರುವುದು? ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಗಿರಾಕಿಗಳು ಮೊದಲೇ ಇದ್ದಾರೆ, ಆದರೆ ಅಗ್ಗದ ಶರ್ಟ್‌ಗಳ ಪೈಪೋಟಿಯೂ ಶುಲ್ಕಗಳೂ ಜತೆಗಿವೆ. ಶಾಪಿಫೈ ಅಥವಾ ವೂಕಾಮರ್ಸ್‌ನಲ್ಲಿ ಸ್ವಂತ ಅಂಗಡಿ ತೆರೆದರೆ ಬೆಲೆ ನಮ್ಮ ಕೈಯಲ್ಲಿರುತ್ತದೆ, ಗಿರಾಕಿಯನ್ನು ಹುಡುಕುವ ಖರ್ಚೂ ನಮ್ಮದೇ. ಕನ್ನಡ ಬರಹದ ಶರ್ಟಿಗೆ ಬೇಕಾದವರು ಯಾರೆಂದು ಗೊತ್ತಿರುವುದರಿಂದ ಸ್ವಂತ ಅಂಗಡಿಯೇ ಮೇಲೆಂದು ನನ್ನ ಅಭಿಪ್ರಾಯ. ಅಮೆರಿಕದ ಕನ್ನಡಿಗರಿಗೆ ಮಾರುವುದಾದರೆ ಪ್ರಿಂಟ್‌ಫುಲ್, ಪ್ರಿಂಟಿಫೈ ಮೂಲಕ ಅಲ್ಲೇ ಮುದ್ರಿಸಬಹುದು.

ಈಗ ಬೆಲೆ. ಉದಾಹರಣೆಗೆ ಶರ್ಟಿನ ಬೆಲೆ 599 ರೂಪಾಯಿ, ಕೊರಿಯರ್ ಉಚಿತ ಎಂದಿಟ್ಟುಕೊಳ್ಳೋಣ. ಇದರಲ್ಲಿ ಶೇ 5ರ ಜಿಎಸ್‌ಟಿ ಸುಮಾರು 29 ಹೋಗುತ್ತದೆ. ಶರ್ಟ್ ಮತ್ತು ಮುದ್ರಣಕ್ಕೆ 270, ಕೊರಿಯರ್‌ಗೆ 70, ಕ್ಯಾಶ್ ಆನ್ ಡೆಲಿವರಿ ಶುಲ್ಕ 40. ಉಳಿಯುವುದು 190. ಇಷ್ಟರವರೆಗೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಹೆಚ್ಚಿನವರು ನಿಲ್ಲಿಸುವುದೂ ಇಲ್ಲೇ.

ಹತ್ತು ಆರ್ಡರ್ ಬಂತೆನ್ನಿ. ಒಂದು ಆರ್ಡರ್ ತರಲು ಜಾಹೀರಾತಿಗೆ 100 ರೂಪಾಯಿ ತಗುಲಿದರೂ ಒಟ್ಟು 1000. ಪಾರ್ಸಲ್ ಬಾಗಿಲಿಗೆ ಬಂದಾಗ ಇಬ್ಬರು ಬೇಡವೆಂದರು. ಆ ಎರಡು ಶರ್ಟಿನ ತಯಾರಿಕೆ, ಹೋಗುವ ಮತ್ತು ಬರುವ ಕೊರಿಯರ್ ಸೇರಿ ತಲಾ 410, ಒಟ್ಟು 820. ಮಾರಾಟವಾದ ಎಂಟರಿಂದ ಬಂದದ್ದು 1520. ಹತ್ತು ಆರ್ಡರ್‌ಗೆ 300 ರೂಪಾಯಿ ನಷ್ಟ! ವಾಪಸ್ ಬಂದ ಶರ್ಟ್ ಅದೇ ಸೈಜಿನ ಇನ್ನೊಬ್ಬರಿಗೆ ಮಾರಾಟವಾದರೆ ಮಾತ್ರ ಇದರಲ್ಲಿ ಒಂದಷ್ಟು ಕೈಸೇರುತ್ತದೆ.

ಬೆಲೆಯನ್ನು 699 ಮಾಡಿ, ಮುಂಗಡ ಪಾವತಿ ಮಾತ್ರ ಎಂದು ಹೇಳಿ ನೋಡೋಣ. ಜಿಎಸ್‌ಟಿ 33, ಪಾವತಿ ಗೇಟ್‌ವೇಗೆ 17, ಶರ್ಟ್ ಮತ್ತು ಕೊರಿಯರ್ 340 ಕಳೆದರೆ 309 ಉಳಿಯುತ್ತದೆ. ಮುಂಗಡ ಕೊಡಲು ಎಲ್ಲರೂ ಒಪ್ಪುವುದಿಲ್ಲ, ಹಾಗಾಗಿ ಪ್ರತಿ ಆರ್ಡರ್‌ನ ಜಾಹೀರಾತು ಖರ್ಚು 150ಕ್ಕೆ ಏರಿತೆಂದೇ ಹಿಡಿಯೋಣ. ಆದರೂ ಒಂದು ಶರ್ಟಿಗೆ 159 ರೂಪಾಯಿ, ಅಂದರೆ ಬೆಲೆಯ ಶೇ 22ಕ್ಕಿಂತ ಹೆಚ್ಚು ಕೈಯಲ್ಲಿ ಉಳಿಯುತ್ತದೆ. ಮುದ್ರಣದ ತಪ್ಪು, ಸೈಜ್ ಬದಲಾವಣೆಗಳನ್ನು ತಡೆದುಕೊಳ್ಳಲು ಇಷ್ಟಾದರೂ ಬೇಕು. ಕ್ಯಾಶ್ ಆನ್ ಡೆಲಿವರಿ ಬಿಡಲು ಮನಸ್ಸಿಲ್ಲದಿದ್ದರೆ 100 ರೂಪಾಯಿ ಮುಂಗಡ ತೆಗೆದುಕೊಂಡು ಉಳಿದದ್ದನ್ನು ಬಾಗಿಲಲ್ಲಿ ಪಡೆಯಬಹುದು. ಸುಮ್ಮನೆ ಆರ್ಡರ್ ಒತ್ತಿದವರು ಅಲ್ಲೇ ಹಿಂದೆ ಸರಿಯುತ್ತಾರೆ.

2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5. ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಟೀ ಶರ್ಟ್ ಮಾರುವವರು ನೋಂದಣಿ ಮಾಡಿಸಲೇಬೇಕು. ನೋಂದಣಿ ಇದ್ದರೆ ಮುದ್ರಣ ಕಂಪನಿಯ ಬಿಲ್ಲಿನಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು.